ಉದ್ದರಿ ವ್ಯಾಪಾರಕ್ಕೆ ದುಡಿಯುವ ಬಂಡವಾಳ ಎಷ್ಟು ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ಬೇರೆ ಉದಾಹರಣೆ ಕೊಟ್ಟರೆ ತಲೆ ಕೆಡುತ್ತದೆ. ಅದಕ್ಕೇ ಇಲ್ಲಿ ಒಂದೇ ಅಂಗಡಿಯ ಲೆಕ್ಕ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ವೈರ್, ಸ್ವಿಚ್, ಎಂಸಿಬಿ ಮಾರುವ ಒಂದು ಹೋಲ್‌ಸೇಲ್ ಅಂಗಡಿ ಅಂದುಕೊಳ್ಳಿ. ಅಂಗಡಿ ಕಾಲ್ಪನಿಕ, ಆದರೆ ಇಂಥವು ಆ ಸುತ್ತಮುತ್ತ ಬೇಕಾದಷ್ಟಿವೆ. ಗಿರಾಕಿಗಳು ಹೆಚ್ಚಾಗಿ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್‌ಗಳು, ಸ್ವಲ್ಪ ಬಡಾವಣೆಗಳ ಚಿಲ್ಲರೆ ಅಂಗಡಿಯವರು. ತಿಂಗಳಿಗೆ 10 ಲಕ್ಷ ರೂಪಾಯಿ ಮಾರಾಟ, ಎಲ್ಲವೂ ಉದ್ದರಿ. ಆ ಮಾಲಿನ ಖರೀದಿ ಬೆಲೆ 9 ಲಕ್ಷ. ಬಾಡಿಗೆ, ಸಂಬಳ, ಟೆಂಪೋ, ಕರೆಂಟು ಎಲ್ಲಾ ಸೇರಿ ತಿಂಗಳ ಖರ್ಚು 60 ಸಾವಿರ. ಉಳಿಯೋದು 40 ಸಾವಿರ, ಅದೂ ಬಡ್ಡಿ ಕಟ್ಟೋಕೆ ಮುಂಚೆ. ಜಿಎಸ್‌ಟಿ ಶೇ. 18.

ದುಡಿಯುವ ಬಂಡವಾಳದ ಅಗತ್ಯ ಅಂದರೆ ಯಾವುದನ್ನು ಲೆಕ್ಕ ಹಾಕಬೇಕು?

ವ್ಯಾಪಾರ ಮಾಮೂಲಿಯಾಗಿ ನಡೆಯುತ್ತಿರುವಾಗ ಯಾವುದೇ ಒಂದು ದಿನ ನಿಂತು ನೋಡಿದರೆ ನಿಮ್ಮ ದುಡ್ಡು ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿದೆ, ಅದು. ಗೋಡೌನ್‌ನಲ್ಲಿ ಮಾಲಾಗಿ ಕೂತಿರುತ್ತದೆ, ಪಾರ್ಟಿಗಳ ಹತ್ತಿರ ಬಾಕಿಯಾಗಿ ಕೂತಿರುತ್ತದೆ, ಸ್ವಲ್ಪ ಗಲ್ಲಾದಲ್ಲೂ ಬ್ಯಾಂಕಿನಲ್ಲೂ ಇರಬೇಕಾಗುತ್ತದೆ. ಇದೆಲ್ಲ ಕೂಡಿಸಿ, ಸಪ್ಲೈಯರ್‌ಗೆ ನೀವು ಇನ್ನೂ ಕೊಡದೇ ಇರುವ ದುಡ್ಡನ್ನು ಕಳೆಯಿರಿ, ಯಾಕೆಂದರೆ ಅಷ್ಟು ಮಾಲಿಗೆ ಸದ್ಯಕ್ಕೆ ದುಡ್ಡು ಹಾಕಿರೋದು ಅವರು, ನೀವಲ್ಲ. ಉಳಿದದ್ದನ್ನು ನಿಮ್ಮ ಕೈಯಿಂದಲೋ ಬ್ಯಾಂಕಿನಿಂದಲೋ ತುಂಬಿಸಬೇಕು.

ಅಂಗಡಿಗೆ ಕೊಟ್ಟ ಅಡ್ವಾನ್ಸ್ ಇದರಲ್ಲಿ ಬರುವುದಿಲ್ಲ. ನಮ್ಮೂರಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋದು ಮಾಮೂಲಿ, ದೊಡ್ಡ ಮೊತ್ತವೇ. ಆದರೆ ಅದು ಅಂಗಡಿ ಬಿಡುವ ತನಕ ತಿರುಗುವುದಿಲ್ಲ. ರ‍್ಯಾಕು, ಕಂಪ್ಯೂಟರು, ಟೆಂಪೋ ಕೂಡ ಹಾಗೇ. ಇವುಗಳ ದುಡ್ಡನ್ನು ಬೇರೆ ಲೆಕ್ಕದಲ್ಲಿ ಇಡಿ.

ಲೆಕ್ಕ ಶುರು ಮಾಡೋದು ಎಲ್ಲಿಂದ?

ಮೂರು ಬಗೆಯ ದಿನಗಳ ಎಣಿಕೆಯಿಂದ. ಮಾಲು ಸರಾಸರಿ ಎಷ್ಟು ದಿನ ಗೋಡೌನ್‌ನಲ್ಲಿ ಇರುತ್ತದೆ, ಬಿಲ್ ಹಾಕಿದ ಮೇಲೆ ದುಡ್ಡು ಎಷ್ಟು ದಿನಕ್ಕೆ ಬರುತ್ತದೆ, ಸಪ್ಲೈಯರ್‌ಗೆ ನೀವು ಎಷ್ಟು ದಿನಕ್ಕೆ ಕೊಡುತ್ತೀರಿ. ನಮ್ಮ ಅಂಗಡಿಗೆ ಇವು 45, 75, 30 ದಿನ ಇರಲಿ. 45ಕ್ಕೆ 75 ಕೂಡಿಸಿ 30 ಕಳೆದರೆ 90 ದಿನ. ಅಂದರೆ ಒಂದು ಕಾಯಿಲ್ ವೈರಿಗೆ ನೀವು ಸಪ್ಲೈಯರ್‌ಗೆ ದುಡ್ಡು ಕೊಟ್ಟ ದಿನದಿಂದ ಆ ದುಡ್ಡು ವಾಪಸ್ ನಿಮ್ಮ ಕೈಗೆ ಬರಲು ಮೂರು ತಿಂಗಳು ಬೇಕು.

ಈ ಮೂರರಲ್ಲಿ ಎರಡನೆಯದನ್ನು ಎಲ್ಲರೂ ತಪ್ಪಾಗಿ ಹಾಕುತ್ತಾರೆ. ಅದು ತಪ್ಪಿದರೆ ಮಿಕ್ಕಿದ್ದನ್ನು ಎಷ್ಟು ಚೆನ್ನಾಗಿ ಲೆಕ್ಕ ಹಾಕಿದರೂ ಪ್ರಯೋಜನ ಇಲ್ಲ.

ಬಿಲ್ಲಿನಲ್ಲಿ 45 ದಿನ ಅಂತ ಬರೆದಿದ್ದೇವೆ. ಹಾಗಾದರೆ 45 ಅಂತ ಹಾಕಬಾರದಾ?

ಹಾಕಬಾರದು. 45 ನಿಮ್ಮ ಆಸೆ, ಅಷ್ಟೇ. ಕಾಂಟ್ರಾಕ್ಟರ್‌ಗೆ ಬಿಲ್ಡರ್ ದುಡ್ಡು ಬಿಡಬೇಕು, ಬಿಲ್ಡರ್‌ಗೆ ಫ್ಲ್ಯಾಟ್ ಕೊಂಡವರ ಮುಂದಿನ ಕಂತು ಬರಬೇಕು. "ಅಣ್ಣ, ಈ ವಾರ ಸೈಟ್ ಬಿಲ್ ಪಾಸ್ ಆಗುತ್ತೆ, ಸೋಮವಾರ ಹಾಕ್ತೀನಿ" ಅನ್ನುವ ಮಾತು ಎಷ್ಟು ಸೋಮವಾರ ಕೇಳಿದ್ದೀರೋ ಲೆಕ್ಕ ಇದೆಯಾ? ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅವರ ಕೈಯಲ್ಲೇ ಇರುವುದಿಲ್ಲ.

ನಿಜವಾದ ದಿನ ನಿಮ್ಮ ಪುಸ್ತಕದಲ್ಲೇ ಸಿಗುತ್ತದೆ. ಇವತ್ತು ಪಾರ್ಟಿಗಳಿಂದ ಬರಬೇಕಾದ ಒಟ್ಟು ಬಾಕಿಯನ್ನು ವರ್ಷದ ಮಾರಾಟದಿಂದ ಭಾಗಿಸಿ 360ರಿಂದ ಗುಣಿಸಿ. ನಮ್ಮ ಅಂಗಡಿಯ ಬಾಕಿ 29.50 ಲಕ್ಷ. ವರ್ಷದ ಮಾರಾಟ 120 ಲಕ್ಷ, ಜಿಎಸ್‌ಟಿ ಸೇರಿಸಿದರೆ 141.60 ಲಕ್ಷ.

ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ಹೆಜ್ಜೆ ಇಡಿ. ಪಾರ್ಟಿ ಕೊಡಬೇಕಾದ ಬಾಕಿಯಲ್ಲಿ ಜಿಎಸ್‌ಟಿ ಸೇರಿರುತ್ತದೆ. ಲಾಭ-ನಷ್ಟದ ಪಟ್ಟಿಯಲ್ಲಿ ಕಾಣುವ ಮಾರಾಟದಲ್ಲಿ ಸೇರಿರುವುದಿಲ್ಲ. ಬಾಕಿಯನ್ನು 120ರಿಂದ ಭಾಗಿಸಿದರೆ 88 ದಿನ ಚಿಲ್ಲರೆ ಬರುತ್ತದೆ, 141.60ರಿಂದ ಭಾಗಿಸಿದರೆ 75 ಬರುತ್ತದೆ. ಸರಿಯಾದದ್ದು 75. ಎರಡು ಕಡೆಯೂ ಜಿಎಸ್‌ಟಿ ಇರಬೇಕು, ಇಲ್ಲ ಎರಡು ಕಡೆಯೂ ಇರಬಾರದು.

ನಮ್ಮ ಮಾರಾಟ ತಿಂಗಳು ತಿಂಗಳಿಗೆ ಏರುಪೇರು. ವರ್ಷದ ಸರಾಸರಿ ನಂಬಬಹುದಾ?

ನಂಬಬೇಡಿ. ಅದಕ್ಕೆ ಹಿಂದಕ್ಕೆ ಎಣಿಸುವ ದಾರಿ ಇದೆ. ಇವತ್ತಿನ ಬಾಕಿಯಿಂದ ಈ ತಿಂಗಳ ಬಿಲ್ ಮೊತ್ತ ಕಳೆಯಿರಿ, ಉಳಿದದ್ದರಿಂದ ಹೋದ ತಿಂಗಳದ್ದು ಕಳೆಯಿರಿ, ಬಾಕಿ ಮುಗಿಯುವ ತನಕ ಹೀಗೇ ಹಿಂದಕ್ಕೆ ಹೋಗಿ.

ಮಾರ್ಚ್ ಕೊನೆಗೆ ಬಾಕಿ 29.50 ಲಕ್ಷ ಅಂತಿಟ್ಟುಕೊಳ್ಳಿ. ಆ ವರ್ಷ ಮಾರ್ಚ್‌ನಲ್ಲಿ ಮಾರಾಟ ಜೋರು, ಬಿಲ್ ಜಿಎಸ್‌ಟಿ ಸೇರಿ 17.70 ಲಕ್ಷ. ಫೆಬ್ರವರಿಯಲ್ಲಿ ಮಾಮೂಲಿ 11.80 ಲಕ್ಷ. ಎರಡೂ ಸೇರಿದರೆ ಸರಿಯಾಗಿ 29.50. ಅಂದರೆ ಬಾಕಿ ಎರಡು ತಿಂಗಳದ್ದು, ಸುಮಾರು 60 ದಿನ. ಅದೇ ಬಾಕಿ, ತಿಂಗಳಿಗೆ 11.80ರಂತೆ ಸಮನಾಗಿ ಮಾರಿದ ವರ್ಷದಲ್ಲಿ ಎರಡೂವರೆ ತಿಂಗಳದ್ದು, 75 ದಿನ. ವಸೂಲಿ ಹದಗೆಟ್ಟಿದೆಯಾ ಅಥವಾ ಮಾರಾಟ ಹೆಚ್ಚಾದ್ದರಿಂದ ಬಾಕಿ ಉಬ್ಬಿದೆಯಾ ಅನ್ನೋದು ಹೀಗೆ ಗೊತ್ತಾಗುತ್ತದೆ.

ಪಾರ್ಟಿಗಳ ಬಾಕಿ 29.50 ಲಕ್ಷ ಇದೆ. ಅಷ್ಟೂ ನಮ್ಮ ದುಡ್ಡೇನಾ?

ಪೂರ್ತಿ ಅಲ್ಲ. ಅದರಲ್ಲಿ ನಿಮ್ಮ ಲಾಭವೂ ಸೇರಿದೆ. ಲಾಭವನ್ನು ನೀವು ಜೇಬಿನಿಂದ ಹಾಕಿಲ್ಲ, ಅದು ಇನ್ನೂ ಬರಬೇಕಾದದ್ದು. ಹಾಗಾಗಿ ಎಷ್ಟು ದುಡ್ಡು ಬೇಕು ಅಂತ ಅಂದಾಜು ಮಾಡುವಾಗ ಬಾಕಿಯನ್ನು ಕೈಯಿಂದ ಹೋದ ದುಡ್ಡಿನ ಲೆಕ್ಕದಲ್ಲಿ ಹಿಡಿಯಿರಿ. ತಿಂಗಳಿಗೆ ಮಾಲು 9 ಲಕ್ಷ, ಖರ್ಚು 60 ಸಾವಿರ, ಬಿಲ್ಲಿನ ಮೇಲಿನ ಜಿಎಸ್‌ಟಿ 1.80 ಲಕ್ಷ, ಒಟ್ಟು 11.40 ಲಕ್ಷ. ಎರಡೂವರೆ ತಿಂಗಳಿಗೆ 28.50 ಲಕ್ಷ.

ವ್ಯತ್ಯಾಸ ಬರೀ 1 ಲಕ್ಷ. ಲಾಭ ತೆಳುವಾಗಿರುವ ವ್ಯಾಪಾರದಲ್ಲಿ ಇಷ್ಟೇ ಇರುತ್ತದೆ. ಶೇ. 30-40 ಮಾರ್ಜಿನ್ ಇರುವ ಮಾಲಿನಲ್ಲಿ ಇದೇ ವ್ಯತ್ಯಾಸ ದೊಡ್ಡದಾಗುತ್ತದೆ, ಅಲ್ಲಿ ಮರೆತರೆ ಬೇಕಾದ್ದಕ್ಕಿಂತ ಜಾಸ್ತಿ ಸಾಲ ಎತ್ತುತ್ತೀರಿ.

ಜಿಎಸ್‌ಟಿ ಯಾಕೆ ಸೇರಿಸಿದ್ದು? ಅದು ಸರ್ಕಾರದ ದುಡ್ಡಲ್ವಾ?

ಸರ್ಕಾರದ್ದೇ. ಆದರೆ ಸರ್ಕಾರ ನಿಮ್ಮ ಪಾರ್ಟಿ ದುಡ್ಡು ಕೊಡುವ ತನಕ ಕಾಯುವುದಿಲ್ಲ. ಪ್ರತಿ ತಿಂಗಳು ರಿಟರ್ನ್ ಹಾಕುವವರು ಈ ತಿಂಗಳ ಬಿಲ್ಲುಗಳ ತೆರಿಗೆಯನ್ನು ಮುಂದಿನ ತಿಂಗಳ 20ರ ಒಳಗೆ GSTR-3B ಜೊತೆ ಕಟ್ಟಬೇಕು. ಪಾರ್ಟಿ ಕೊಡೋದು 75ನೇ ದಿನ. ನಡುವಿನ ದಿನಗಳಿಗೆ ಆ ತೆರಿಗೆಯ ಭಾರ ಹೊರುವವರು ನೀವು.

"ಖರೀದಿಯ ಮೇಲಿನ ಇನ್‌ಪುಟ್ ಕ್ರೆಡಿಟ್ ಸಿಗುತ್ತಲ್ಲ, ನಗದು ಕಟ್ಟೋದು ತಿಂಗಳಿಗೆ 18 ಸಾವಿರ ಮಾತ್ರ" ಅಂತ ಕೆಲವರು ಹೇಳುತ್ತಾರೆ. ಹೌದು, 1.80 ಲಕ್ಷದಲ್ಲಿ 1.62 ಲಕ್ಷ ಕ್ರೆಡಿಟ್‌ನಿಂದ ಹೋಗುತ್ತದೆ. ಆದರೆ ಆ 1.62 ಲಕ್ಷವನ್ನು ನೀವು ಸಪ್ಲೈಯರ್‌ಗೆ ಬಿಲ್ ಜೊತೆಯಲ್ಲೇ ಕೊಟ್ಟಿರುತ್ತೀರಿ. ಯಾವ ಬಾಗಿಲಿಂದ ಹೋದರೂ ಹೋದದ್ದು ನಿಮ್ಮ ದುಡ್ಡೇ.

ಇನ್ನೊಂದು ಮಾತು. ಪಾರ್ಟಿ ಕೈ ಎತ್ತಿಬಿಟ್ಟರೆ ಆ ಬಿಲ್ಲಿನ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ. ಮಾಲು ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಾಕಬಹುದು, ದುಡ್ಡು ಮುಳುಗಿತು ಅಂತ ಹಾಕೋಕೆ ಆಗಲ್ಲ.

ಸರಿ, ಪೂರ್ತಿ ಲೆಕ್ಕ ಒಮ್ಮೆ ತೋರಿಸಿ.

ಗೋಡೌನ್‌ನಲ್ಲಿ ಒಂದೂವರೆ ತಿಂಗಳ ಮಾಲು, 13.50 ಲಕ್ಷ. ಪಾರ್ಟಿಗಳ ಹತ್ತಿರ 28.50 ಲಕ್ಷ. ಕೈಯಲ್ಲಿ ಇರಲೇಬೇಕಾದ ಒಂದು ತಿಂಗಳ ಖರ್ಚು 60 ಸಾವಿರ. ಮೂರೂ ಸೇರಿ 42.60 ಲಕ್ಷ. ಇದರಲ್ಲಿ ಸಪ್ಲೈಯರ್‌ಗೆ ಕೊಡಬೇಕಾದ ಒಂದು ತಿಂಗಳ ದುಡ್ಡು ಜಿಎಸ್‌ಟಿ ಸೇರಿ 10.62 ಲಕ್ಷ, 20ನೇ ತಾರೀಖಿಗೆ ಕಟ್ಟಬೇಕಾದ ಜಿಎಸ್‌ಟಿ 18 ಸಾವಿರ, ಇವೆರಡನ್ನು ಕಳೆಯಿರಿ. ಉಳಿಯೋದು 31.80 ಲಕ್ಷ.

ಎಕ್ಸೆಲ್‌ನಲ್ಲಿ ಮಾಡುವವರು B1ರಲ್ಲಿ ತಿಂಗಳ ಖರೀದಿ ಜಿಎಸ್‌ಟಿ ಇಲ್ಲದೆ, B2ರಲ್ಲಿ ಮೇಲಿನ 11.40 ಲಕ್ಷ, B3ರಲ್ಲಿ ಜಿಎಸ್‌ಟಿ ಸೇರಿದ ತಿಂಗಳ ಖರೀದಿ, B4ರಲ್ಲಿ ಕೈಯಲ್ಲಿಡುವ ದುಡ್ಡು, B5, B6, B7ರಲ್ಲಿ ಮಾಲಿನ, ವಸೂಲಿಯ, ಸಪ್ಲೈಯರ್‌ನ ದಿನಗಳು, B8ರಲ್ಲಿ ಕಟ್ಟಬೇಕಾದ ಜಿಎಸ್‌ಟಿ ಹಾಕಿ.

```
=B1*B5/30 + B2*B6/30 + B4 - B3*B7/30 - B8
```

ಈಗ B6ರಲ್ಲಿ 75 ತೆಗೆದು ಬಿಲ್ಲಿನ ಮೇಲಿರುವ 45 ಹಾಕಿ ನೋಡಿ. ಉತ್ತರ 20.40 ಲಕ್ಷಕ್ಕೆ ಇಳಿಯುತ್ತದೆ. ಆ ಅಂಕಿ ನಂಬಿಕೊಂಡು ದುಡ್ಡು ಹೊಂದಿಸಿದವರಿಗೆ 11.40 ಲಕ್ಷ ಕಡಿಮೆ ಬೀಳುತ್ತದೆ. ಆ ಕೊರತೆ ಮೊದಲು ಕಾಣಿಸಿಕೊಳ್ಳೋದು ಸಪ್ಲೈಯರ್‌ಗೆ ಕೊಟ್ಟ ಚೆಕ್ ಹಾಕಬೇಕಾದ ದಿನ, ಆಮೇಲೆ 20ನೇ ತಾರೀಖು.

ಆ 30 ದಿನ ತಡ ಆದರೆ ಖರ್ಚು ಎಷ್ಟು?

11.40 ಲಕ್ಷಕ್ಕೆ ವರ್ಷಕ್ಕೆ ಶೇ. 12 ಬಡ್ಡಿ ಅಂದರೆ 1,36,800 ರೂಪಾಯಿ. ಅಂಗಡಿಯ ವರ್ಷದ ಲಾಭ 4.80 ಲಕ್ಷ. ಕಾಲು ಭಾಗಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಮುಂದಿನ ಸಲ ಯಾರಾದರೂ ಇನ್ನೊಂದು ತಿಂಗಳು ಟೈಮ್ ಕೊಡಿ, ರೇಟಲ್ಲೂ ಒಂದು ಪರ್ಸೆಂಟ್ ಬಿಡಿ ಅಂದಾಗ ನೆನಪಿಡಿ: 1 ಲಕ್ಷದ ಬಿಲ್ ಒಂದು ತಿಂಗಳು ನಿಂತರೆ 1 ಸಾವಿರ ಬಡ್ಡಿ, ಅಂದರೆ ಟೈಮ್ ಕೊಟ್ಟಾಗಲೇ ಒಂದು ಪರ್ಸೆಂಟ್ ಬಿಟ್ಟಾಗಿರುತ್ತದೆ. ಖರ್ಚೆಲ್ಲ ಕಳೆದು ನಿಮಗೆ ಉಳಿಯೋದೇ ನಾಲ್ಕು ಪರ್ಸೆಂಟ್.

ಸಪ್ಲೈಯರ್‌ಗೆ ನಾವೂ ತಡ ಮಾಡಿದರೆ ಸರಿಹೋಗುತ್ತಲ್ಲ?

ಲೆಕ್ಕದಲ್ಲಿ ಸರಿಹೋಗುತ್ತದೆ, ಕಾನೂನಿನಲ್ಲಿ ಯಾವಾಗಲೂ ಅಲ್ಲ. ಪೀಣ್ಯದ ಒಬ್ಬ ಸಣ್ಣ ತಯಾರಕರಿಂದ ಪ್ಯಾನೆಲ್ ಬೋರ್ಡ್ ತರುತ್ತೀರಿ, ಅವರು ಉದ್ಯಮ್‌ನಲ್ಲಿ ಮೈಕ್ರೋ ಅಥವಾ ಸ್ಮಾಲ್ ಅಂತ ನೋಂದಣಿ ಆಗಿದ್ದಾರೆ ಅನ್ನಿ. ಅವರಿಗೆ ಬರೆದುಕೊಂಡ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. 2006ರ ಎಂಎಸ್‌ಎಂಇ ಕಾಯಿದೆ ಹೇಳೋದು ಇದು. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯೂ ಇದಕ್ಕೆ ತಳಕು ಹಾಕಿಕೊಂಡಿದೆ. ಗಡುವು ದಾಟಿ, ವರ್ಷದ ಕೊನೆಗೂ ಕೊಡದೆ ಉಳಿದ ಮೊತ್ತವನ್ನು ಆ ವರ್ಷದ ಖರ್ಚು ಅಂತ ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲೇ ತೋರಿಸಬೇಕು.

ನಾವೂ ಉದ್ಯಮ್ ನೋಂದಣಿ ಮಾಡಿಸಿದ್ದೇವಲ್ಲ, ನಮಗೂ ಪಾರ್ಟಿಗಳು 45 ದಿನದಲ್ಲಿ ಕೊಡಬೇಕಲ್ಲ ಅಂತ ಎಷ್ಟೋ ಜನ ಕೇಳುತ್ತಾರೆ. ಇಲ್ಲ. 2021ರಲ್ಲಿ ವ್ಯಾಪಾರಿಗಳನ್ನು ಸೇರಿಸಿಕೊಂಡಿದ್ದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಕೊಡುವಾಗ ಗಡುವು ಇದೆ, ಬರುವಾಗ ಇಲ್ಲ. ನ್ಯಾಯ ಅನ್ನಿಸಲಿಕ್ಕಿಲ್ಲ, ಆದರೆ ಲೆಕ್ಕದಲ್ಲಿ ಸಪ್ಲೈಯರ್ ದಿನ 60, 75 ಅಂತ ಧಾರಾಳವಾಗಿ ಹಾಕುವ ಮುಂಚೆ ಯಾರು ತಯಾರಕರು, ಯಾರು ಬರೀ ಡಿಸ್ಟ್ರಿಬ್ಯೂಟರ್ ಅಂತ ನೋಡಿಕೊಳ್ಳಿ.

ಬ್ಯಾಂಕಿನವರು ದಿನಗಳನ್ನೇ ಕೇಳಲಿಲ್ಲ, ಬರೀ ಟರ್ನೋವರ್ ಕೇಳಿದರು. ಅದೇನು ಲೆಕ್ಕ?

ಅದು ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಟರ್ನೋವರ್ ವಿಧಾನ. ಮುಂದಿನ ವರ್ಷದ ಅಂದಾಜು ಮಾರಾಟದ ಶೇ. 25ರಷ್ಟು ದುಡಿಯುವ ಬಂಡವಾಳ ಬೇಕು ಅಂತ ಹಿಡಿಯುತ್ತಾರೆ. ಅದರಲ್ಲಿ ಮಾರಾಟದ ಶೇ. 20 ಬ್ಯಾಂಕಿನದು, ಶೇ. 5 ನಿಮ್ಮದು. 120 ಲಕ್ಷಕ್ಕೆ ಬೇಕಾಗೋದು 30 ಲಕ್ಷ, ಬ್ಯಾಂಕ್ ಲಿಮಿಟ್ 24 ಲಕ್ಷ, ನಿಮ್ಮ ಕೈಯಿಂದ 6 ಲಕ್ಷ.

ಶೇ. 25 ಅಂದರೆ ದುಡ್ಡು ವರ್ಷಕ್ಕೆ ನಾಲ್ಕು ಸಲ ತಿರುಗುತ್ತದೆ, ಸುತ್ತು 90 ದಿನ ಅನ್ನುವ ನಂಬಿಕೆ. ನಮ್ಮ ಅಂಗಡಿಯದ್ದೂ 90 ದಿನ ಆದ್ದರಿಂದ 30 ಲಕ್ಷ ಮತ್ತು 31.80 ಲಕ್ಷ ಹತ್ತಿರ ಹತ್ತಿರ ಬಂದಿವೆ. ವಸೂಲಿ 100 ದಿನಕ್ಕೆ ಜಾರಿದರೆ ನಿಜವಾದ ಅಗತ್ಯ 41 ಲಕ್ಷ ದಾಟುತ್ತದೆ, ಬ್ಯಾಂಕಿನ ಅಂಕಿ ಮಾತ್ರ 30ರಲ್ಲೇ ನಿಂತಿರುತ್ತದೆ. ಆಗ ದಿನಗಳ ಲೆಕ್ಕವನ್ನು ಕಾಗದದ ಮೇಲೆ ತೋರಿಸಿ ಹೆಚ್ಚು ಕೇಳಬಹುದು, ಶೇ. 20 ಅನ್ನೋದು ಕನಿಷ್ಠ ಮಟ್ಟ. ಆದರೆ ವಸೂಲಿ ಯಾಕೆ ನಿಧಾನ ಅಂತ ಅವರು ಕೇಳಿಯೇ ಕೇಳುತ್ತಾರೆ.

24 ಲಕ್ಷ ಲಿಮಿಟ್ ಸಿಕ್ಕಿದೆ, ಆದರೂ ಪೂರ್ತಿ ತೆಗೆಯೋಕೆ ಬಿಡುತ್ತಿಲ್ಲ. ಯಾಕೆ?

ಲಿಮಿಟ್ ಬೇರೆ, ಡ್ರಾಯಿಂಗ್ ಪವರ್ ಬೇರೆ. ಪ್ರತಿ ತಿಂಗಳು ನೀವು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಎಷ್ಟು ತೆಗೆಯಬಹುದು ಅಂತ ಬ್ಯಾಂಕು ಹೊಸದಾಗಿ ಲೆಕ್ಕ ಹಾಕುತ್ತದೆ. ಉದ್ದರಿ ವ್ಯಾಪಾರಿಗಳು ಪೆಟ್ಟು ತಿನ್ನುವುದು ಇಲ್ಲೇ.

ಸ್ಟಾಕ್ 13.50 ಲಕ್ಷ. ಅದರಲ್ಲಿ ಇನ್ನೂ ದುಡ್ಡು ಕೊಡದ ಮಾಲು 10.62 ಲಕ್ಷ ಕಳೆದರೆ ಉಳಿದದ್ದು 2.88 ಲಕ್ಷ. ಅದರಲ್ಲಿ ಬ್ಯಾಂಕು ಸಾಲ ಕೊಡದೆ ನಿಮ್ಮ ಪಾಲಿಗೆ ಬಿಡುವ ಶೇ. 25 ಮಾರ್ಜಿನ್ ತೆಗೆದರೆ 2.16 ಲಕ್ಷ. ಇನ್ನು ಪಾರ್ಟಿಗಳ ಬಾಕಿ 29.50 ಲಕ್ಷ. ಸಾಮಾನ್ಯವಾಗಿ 90 ದಿನ ದಾಟಿದ ಬಿಲ್ಲುಗಳನ್ನು ಬ್ಯಾಂಕು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂಥವು 6.50 ಲಕ್ಷ ಇವೆ ಅನ್ನಿ. ಉಳಿದ 23 ಲಕ್ಷಕ್ಕೆ ಶೇ. 25 ಮಾರ್ಜಿನ್ ತೆಗೆದರೆ 17.25 ಲಕ್ಷ. ಒಟ್ಟು 19.41 ಲಕ್ಷ. ಬಾಕಿಯ ಮೇಲೆ ಇನ್ನೂ ಜಾಸ್ತಿ ಮಾರ್ಜಿನ್ ಹಿಡಿಯುವ ಬ್ಯಾಂಕುಗಳೂ ಇವೆ, ನಿಮ್ಮ ಸ್ಯಾಂಕ್ಷನ್ ಪತ್ರದಲ್ಲಿ ಎಷ್ಟಿದೆ ನೋಡಿ.

ಬೇಕಾಗಿರೋದು 31.80, ತೆಗೆಯಲು ಆಗೋದು 19.41. ಹಾಗಾಗಿ ನಿಮ್ಮ ಕೈಯಿಂದ ಬೇಕಾಗೋದು 6 ಲಕ್ಷ ಅಲ್ಲ, 12.39 ಲಕ್ಷ. ಹಳೆ ಬಾಕಿ ಎರಡು ಕಡೆಯಿಂದ ಹೊಡೆಯುತ್ತದೆ. ದುಡ್ಡಿನ ಅಗತ್ಯ ಹೆಚ್ಚಿಸುತ್ತದೆ, ಸಾಲ ಸಿಗುವುದನ್ನು ಕಡಿಮೆ ಮಾಡುತ್ತದೆ. ಯಾವ ಪಾರ್ಟಿಯನ್ನು ಮೊದಲು ಕೇಳಬೇಕು ಅಂತ ಗೊಂದಲ ಇದ್ದರೆ 80 ದಿನ ಆಸುಪಾಸಿನ ಬಿಲ್ಲುಗಳಿಂದ ಶುರು ಮಾಡಿ. ಅವು ಹತ್ತು ದಿನದಲ್ಲಿ ಡ್ರಾಯಿಂಗ್ ಪವರ್‌ನಿಂದ ಉದುರಿಹೋಗುತ್ತವೆ.

ಪಾರ್ಟಿ ಮುಂದಿನ ತಾರೀಖಿನ ಚೆಕ್ ಕೊಟ್ಟಿದ್ದಾರೆ. ಅದನ್ನು ಬಾಕಿಯಿಂದ ತೆಗೆಯಬಹುದಾ?

ಬೇಡ. ದುಡ್ಡು ಖಾತೆಗೆ ಬಿದ್ದ ದಿನ ತೆಗೆಯಿರಿ. ಚೆಕ್ ಬಂದ ದಿನವೇ ರಸೀದಿ ಹಾಕಿಬಿಟ್ಟರೆ ವಸೂಲಿ ದಿನ ಸುಮ್ನೆ ಕಡಿಮೆ ಕಾಣುತ್ತದೆ.

ಮಾರಾಟ ಕಾಲು ಭಾಗ ಜಾಸ್ತಿ ಮಾಡಬೇಕು ಅಂತಿದ್ದೇವೆ. ಎಷ್ಟು ದುಡ್ಡು ಇಟ್ಟುಕೊಳ್ಳಬೇಕು?

ದಿನಗಳು ಹಾಗೇ ಇದ್ದು, ತಿಂಗಳ ಖರ್ಚೂ 60 ಸಾವಿರವೇ ಇದ್ದರೆ ಅಗತ್ಯ 31.80ರಿಂದ ಸುಮಾರು 39.20 ಲಕ್ಷಕ್ಕೆ ಹೋಗುತ್ತದೆ. ಅಂದರೆ ಹೆಚ್ಚುವರಿ 7.40 ಲಕ್ಷ. ಈ ಹೆಚ್ಚುವರಿ ಮಾರಾಟದಿಂದ ಬರುವ ಲಾಭ ವರ್ಷಕ್ಕೆ 3 ಲಕ್ಷ. ಲಾಭ ಹನ್ನೆರಡು ತಿಂಗಳಲ್ಲಿ ಬರುತ್ತದೆ, ದುಡ್ಡು ಮೊದಲ ಮೂರು ತಿಂಗಳಲ್ಲೇ ಬೇಕು. ಅದರಲ್ಲೂ ಹೊಸ ಮಾರಾಟ ಹೆಚ್ಚಾಗಿ ಸಿಗೋದು ಬೇರೆಯವರು ಉದ್ದರಿ ಕೊಡೋಕೆ ಹಿಂದೇಟು ಹಾಕಿದ ಪಾರ್ಟಿಗಳಿಂದ. ಆದ್ದರಿಂದ ಹೊಸ ಪಾರ್ಟಿಗಳ ದಿನಗಳನ್ನು ಪ್ರತ್ಯೇಕವಾಗಿ ಹಾಕಿ, ಹಳೆಯವರ ಸರಾಸರಿಗೆ ಸೇರಿಸಬೇಡಿ.

ಹೊಸದಾಗಿ ಅಂಗಡಿ ಹಾಕುವವರಿಗೂ ಇದೇ ಲೆಕ್ಕನಾ?

ಸೂತ್ರ ಅದೇ, ಎರಡು ಅಂಕಿ ಬದಲಾಗುತ್ತವೆ. ಒಂದು, ಹೊಸಬರಿಗೆ ಸಪ್ಲೈಯರ್ ಉದ್ದರಿ ಕೊಡುವುದಿಲ್ಲ, ಮೊದಲು ದುಡ್ಡು ಆಮೇಲೆ ಮಾಲು. ಹಾಗಾಗಿ 10.62 ಲಕ್ಷ ಕಳೆಯುವಂತಿಲ್ಲ.

ಎರಡನೆಯದನ್ನು ಹೊಸಬರು ಸಾಮಾನ್ಯವಾಗಿ ಯೋಚಿಸಿರುವುದಿಲ್ಲ. ಮೊದಲ ಸಲ ತುಂಬಿಸಿದ 13.50 ಲಕ್ಷದ ಮಾಲಿಗೆ 2.43 ಲಕ್ಷ ಜಿಎಸ್‌ಟಿ ಕೊಟ್ಟಿರುತ್ತೀರಿ. ಅದು ಕ್ರೆಡಿಟ್ ಲೆಡ್ಜರ್‌ನಲ್ಲಿ ಕಾಣುತ್ತದೆ, ಕೈಗೆ ಬರುವುದಿಲ್ಲ. ಒಂದೆರಡು ತಿಂಗಳ ಮಾರಾಟದಲ್ಲಿ ಹೊಂದಾಣಿಕೆ ಆಗಿಬಿಡುತ್ತದೆ ಅಂತ ಅಂದುಕೊಳ್ಳುತ್ತಾರೆ. ಆಗಲ್ಲ, ಯಾಕೆಂದರೆ ಪ್ರತಿ ತಿಂಗಳು ಮಾರಿದಷ್ಟೇ ಮಾಲು ಮತ್ತೆ ತರುತ್ತೀರಿ, ಅದರ ಕ್ರೆಡಿಟ್ಟೂ ಬಂದು ಸೇರುತ್ತದೆ. ತಿಂಗಳಿಗೆ ಕರಗೋದು 18 ಸಾವಿರ ಮಾತ್ರ. 2.43 ಲಕ್ಷ ಪೂರ್ತಿ ಕರಗಲು ಹದಿಮೂರೂವರೆ ತಿಂಗಳು ಬೇಕು.

ಇವೆರಡೂ ಸೇರಿದರೆ ಇದೇ ಅಂಗಡಿ ಹೊಸದಾಗಿ ಶುರುವಾಗಿ ತಿಂಗಳಿಗೆ 10 ಲಕ್ಷದ ಮಾರಾಟಕ್ಕೆ ಮುಟ್ಟುವಷ್ಟರಲ್ಲಿ 31.80 ಅಲ್ಲ, ಸುಮಾರು 45 ಲಕ್ಷ ಒಳಗೆ ಹೋಗಿರುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಇದರಲ್ಲಿ ಇಲ್ಲ, ಅದು ಬೇರೆ.